ಕಾಶೀನಾಥನಿಗೆ ಹತ್ತಿದ ಲಾಟರಿ

ಭಾಗ್ಯಜ್ಯೋತಿಗೆ ದಿನಾಲೂ ಗಂಡನಿಂದ ಫೋನು ಬರುತ್ತಿತ್ತು. ಗಂಡ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

ಇದರಲ್ಲಿ ಮಾಯವೇನೂ ಇಲ್ಲ. ಕಾಶೀನಾಥ ಹೋದ ಮೇಲೆ ಅವನ ಫೋನನ್ನು ಸಿಮ್ಮಿನ ಸಮೇತ ಅವಳು ಆಡಕಿಯಲ್ಲಿರುವ ತನ್ನ ಅಪ್ಪನಿಗೆ ಕೊಟ್ಟಿದ್ದಳು. ಅವಳ ಫೋನಿನಲ್ಲಿ ಆ ನಂಬರಿಗೆ 'ಇವರು' ಎಂದು ಹೆಸರಿತ್ತು. ಬದಲಿಸಲು ಕೈ ಬರಲಿಲ್ಲ. ಅಪ್ಪ ನಾಗೇಂದ್ರಪ್ಪನೂ ವಾಟ್ಸಾಪಿನಲ್ಲಿದ್ದ ಅಳಿಯನ ಹೆಸರನ್ನು ಹಾಗೇ ಬಿಟ್ಟ. ತನ್ನ ಮಗ ಚನ್ನುಗೆ ಹೇಳಿ, ಗೋಡೆಯ ಮೇಲೆ ಮಾಲೆ ಹಾಕಿದ್ದ ಅಳಿಯನ ಫೋಟೋವನ್ನೇ ಅದರಲ್ಲಿ ಕೂರಿಸಿದ.

"ಇರ್ಲಿ ಬಿಡು ಯವ್ವಾ. ನಾ ಮೆಸೇಜ್ ಕಳಿಸಿದ್ರ ನಾಕು ಮಂದಿ ಅವನ ಮಾರಿ ನೋಡ್ತಾರ" ಎಂದಿದ್ದ.

ಭಾಗ್ಯಜ್ಯೋತಿ ವಾಡಿಯಲ್ಲಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿದ್ದಳು. ಐದನೆಯ ಇಯತ್ತೆಯವರೆಗೆ ಶಾಲೆ. ಆಮೇಲೆ ಹೊಲ, ಆಮೇಲೆ ಮದುವೆ. ಕಾಶೀನಾಥ ಶಹಾಬಾದ್ ಕಲ್ಲಿನ ಲಾರಿ ಓಡಿಸುತ್ತಿದ್ದ. ಹಗಲೆಲ್ಲ ಮೈತುಂಬ ಬಿಳಿ ಧೂಳು, ಸಂಜೆಗೆ ಸ್ನಾನ, ವಿಭೂತಿ, ಲಿಂಗಪೂಜೆ, ಊಟ. ಮಾತು ಕಡಿಮೆ, ನಗು ಜಾಸ್ತಿ. ಒಂದು ದಿನ ಎದೆ ನೋವು ಎಂದವನು ಕುಂತಲ್ಲೇ ಹೋದ. ಅವಳು ಅತ್ತಳು, ಎದ್ದಳು, ಜೋಳದ ಹಿಟ್ಟು ಹಾಕಿಕೊಂಡು ಕುಂತಳು. ಪಕ್ಕದ ಮನೆಯ ಜೈಬುನ್ನೀಸಾ ಜೊತೆಗೆ ಬಂದಳು. ಇಬ್ಬರೂ ಖಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಹಾಕತೊಡಗಿದರು.

ಅವತ್ತು ಸೋಮವಾರ. ರೊಟ್ಟಿ ಹಂಚಿನ ಮೇಲಿತ್ತು. ಫೋನಿನಲ್ಲಿ 'ಇವರು' ಎಂದು ಬಂತು, ಕೆಳಗೊಂದು ಚಿತ್ರ.

ಚಿತ್ರದ ತುಂಬ ಚಿನ್ನದ ಬಣ್ಣದ ಅಂಚು. ಮೇಲೆ ದೊಡ್ಡ ಅಕ್ಷರ: ಅಭಿನಂದನೆಗಳು. ನಡುವೆ ಕಾಶೀನಾಥನ ಮುಖ. ಅದರ ಕೆಳಗೆ ಅವನ ಹೆಸರು, ಒಂದು ಲಾಟರಿ ನಂಬರು, ಇಪ್ಪತ್ತೈದು ಲಕ್ಷ ರೂಪಾಯಿ. ಅದಕ್ಕೂ ಕೆಳಗೆ ಬ್ಯಾಂಕಿನಿಂದ ಬಂದ ಮೆಸೇಜಿನ ಸ್ಕ್ರೀನ್‌ಶಾಟು, ಅಂದರೆ ಫೋನಿನ ಪರದೆಯನ್ನೇ ಹಿಡಿದ ಫೋಟೋ: ಹಣ ಜಮಾ ಆಗಿದೆ, ತೆರಿಗೆ ಕಟ್ಟಿದ ಕೂಡಲೇ ಕೈಗೆ ಸಿಗುತ್ತದೆ. ಮೂಲೆಯಲ್ಲಿ ದುಂಡನೆಯ ಮೊಹರು, ಹಸಿರು ಸಹಿ.

ಅವಳ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಒಣಗಿತು. ಸತ್ತ ಗಂಡ ನಗುತ್ತಿದ್ದಾನೆ. ಅವನ ತಲೆಯ ಸುತ್ತ ಬೆಳಕಿನ ಗೆರೆಗಳು.

ಕೂಡಲೇ ಫೋನು ಬಂತು. ಅವ್ವ ಚಂದಮ್ಮ.

"ಜ್ಯೋತಿ, ನೋಡ್ದಿ?"

"ನೋಡ್ದೆ ಅವ್ವಾ. ಏನಿದು?"

"ಸಣ್ಣಗ ಮಾತಾಡು. ಯಾರಿಗೂ ಹೇಳಬ್ಯಾಡ್ರಿ ಅಂದಾರ. ಚನ್ನುಗೂ ಹೇಳಿಲ್ಲ. ನಿನ್ನಿ ಅಪ್ಪ ಲಿಂಗಪೂಜಿಗೆ ಕುಂತಾಗ ಬಂತು ನೋಡು ಇದು! ಅವ ಕಣ್ಣ ತೆರದಾನ, ಅಳಿಯಂದ್ರು ಎದುರಿಗೆ ನಗಲಿಕತ್ತಾರ. ಅಲ್ಲಿ ಹೋಗಿಯೂ ನಿನ್ನ ಚಿಂತಿ ಬಿಟ್ಟಿಲ್ಲ ಅವ."

ಭಾಗ್ಯಜ್ಯೋತಿಗೆ ನಂಬಬಾರದು ಎಂದು ಒಂದು ಮನಸ್ಸು. ಆದರೆ ಆ ಮುಖ, ಆ ಹೆಸರು! ಊರು ಕಾಣದ ಯಾರೋ ಕಾಶೀನಾಥ ಅನ್ನುವ ಒಬ್ಬ ಲಾರಿ ಡ್ರೈವರನನ್ನು ಹೆಸರು ಹಿಡಿದು ಕರೆದಿದ್ದರು.

"ಟ್ಯಾಕ್ಸ್ ಕಟ್ಟೂದದ" ಎಂದಳು ಚಂದಮ್ಮ. "ಇವತ್ತ ಸಂಜಿ ಒಳಗ. ಇಲ್ಲಂದ್ರ ಬ್ಯಾರೆಯವರ ಹೆಸರಿಗೆ ಹೋಗ್ತದಂತ. ನನ್ನ ಬೋರಮಾಳ ತಗೊಂಡು ಸೇಡಂಗೆ ಮಾಣಿಕಪ್ಪನ ಅಂಗಡಿಗಿ ಅಡ ಇಡ್ಲಿಕ್ಕ ಹೊಂಟೀವಿ."

ಬೋರಮಾಳ ಚಂದಮ್ಮನ ಮದುವೆಯ ಚಿನ್ನದ ಗುಂಡಿನ ಸರ. ಅವಳ ಮೈಮೇಲೆ ಉಳಿದಿದ್ದ ಚಿನ್ನ ಅದೊಂದೇ. ಚನ್ನು ಗೂಡ್ಸ್ ಆಟೋ ಕೊಳ್ಳುವಾಗಲೂ ಅದನ್ನು ಅವಳು ಬಿಚ್ಚಿರಲಿಲ್ಲ.

"ಅವ್ವಾ, ತಡಿ. ಅಪ್ಪಗ ಕೊಡು."

"ಅಪ್ಪ ಆ ಲಾಟರಿ ಸಾಹೇಬ್ರ ಫೋನಿನ ದಾರಿ ಕಾಯ್ಲಿಕತ್ತಾನ. ನೀ ಒಂದು ಕೆಲಸ ಮಾಡು. ಈ ಚಿತ್ರ ಸ್ಟುಡಿಯೊ ಭಗವಂತನ ಕಡಿ ದೊಡ್ಡದು ಮಾಡ್ಸು. ಫ್ರೇಮ್ ಹಾಕ್ಸು. ದೇವರ ಜಗಲಿ ಮ್ಯಾಲ ಇಡೂಣು. ಲಗೂನ ಹೋಗು" ಎಂದು ಫೋನಿಟ್ಟಳು.

ಜೈಬುನ್ನೀಸಾ ಕರ್ರಗಾದ ರೊಟ್ಟಿ ತೆಗೆದು ಪಕ್ಕಕ್ಕೆಸೆದಳು.

"ಅರೇ ಜ್ಯೋತಿ, ರೊಟ್ಟಿ ಸುಟ್ಟು ಇದ್ದಲಿ ಆತು. ಯಾರು ಸತ್ತರು?"

"ಸತ್ತವರೇ ಫೋಟೋ ಕಳಿಸ್ಯಾರ ಅಕ್ಕಾ."

ಜೈಬುನ್ನೀಸಾ ಚಿತ್ರ ನೋಡಿದಳು. ಆಮೇಲೆ ಚಿತ್ರದ ಮೂಲೆಯಲ್ಲಿದ್ದ ಲಾಟರಿ ಮ್ಯಾನೇಜರನ ಫೋನ್ ನಂಬರಿನ ಮೇಲೆ ಬೆರಳಿಟ್ಟಳು.

"ಇದು ನಮ್ಮ ದೇಶದ ನಂಬರ್ ಅಲ್ಲ. ನಮ್ಮದಕ್ಕ ಮುಂದ ತೊಂಬತ್ತೊಂದು ಇರ್ತದ. ನನ್ನ ಮಗ ದುಬೈಯಿಂದ ಹಚ್ಚಿದ್ರ ಬ್ಯಾರೆ ಬರ್ತದ. ಇಲ್ಲಿ ತೊಂಬತ್ತೆರಡು ಅದ ನೋಡು. ನಮ್ಮ ಲಾಟರಿ ಕೊಡ್ಲಿಕ್ಕ ಪರದೇಶದವರು ಯಾಕ ಬರ್ತಾರ?"

"ಅವರ ಫೋಟೋ ಹ್ಯಾಂಗ ಬಂತು ಅಕ್ಕಾ?"

ಜೈಬುನ್ನೀಸಾ ಹಂಚನ್ನು ಕೆಳಗಿಳಿಸಿದಳು. "ಅಲ್ಲಾಗೇ ಗೊತ್ತು" ಎಂದಳು.

ಭಗವಂತನ ಸ್ಟುಡಿಯೊ ಸ್ಟೇಷನ್ ರಸ್ತೆಯಲ್ಲಿ. ಮದುವೆ, ತೊಟ್ಟಿಲು, ಪಾಸ್‌ಪೋರ್ಟ್ ಸೈಜು, ಶ್ರದ್ಧಾಂಜಲಿ ಬ್ಯಾನರ್, ಎಲ್ಲ ಅಲ್ಲೇ. ಭಾಗ್ಯಜ್ಯೋತಿ ಫೋನನ್ನು ಅವನ ಮುಂದೆ ಹಿಡಿದು, ದೊಡ್ಡದು ಮಾಡಿ ಫ್ರೇಮ್ ಹಾಕಬೇಕಂತ ಎಂದಳು.

ಭಗವಂತ ಕನ್ನಡಕ ಏರಿಸಿ ನೋಡಿದ.

"ಅಕ್ಕಾ, ಇದು ನನ್ನ ಕೋಟು."

"ಏನು?"

"ಈ ಕೋಟು ನಂದು. ಈ ಕರಿ ಕೋಟು, ಈ ಕೆಂಪು ಟೈ. ಕಾಶಣ್ಣ ಹೋದಾಗ ನೀವೇ ಬಂದು, ಲಾರಿ ಮುಂದ ಬನಿಯನ್ ಮ್ಯಾಲ ನಿಂತ ಫೋಟೋ ಕೊಟ್ಟು, ಇದನ್ನ ಚಂದ ಮಾಡಿ ಕೊಡು ಅಂದ್ರಿ. ಬನಿಯನ್ ತೆಗೆದು ಕೋಟು ಹಾಕಿದೆ. ಮರತ್ರೇನು?"

ಅವಳು ಮರೆತಿರಲಿಲ್ಲ. ನೋಡಿರಲಿಲ್ಲ, ಅಷ್ಟೇ. ಮುಖ ಕಂಡ ಮೇಲೆ ಕೋಟು ಯಾರು ನೋಡುತ್ತಾರೆ?

ಭಗವಂತ ಕಂಪ್ಯೂಟರ್ ತೆರೆದು ಒಂದೊಂದೇ ಫೋಟೋ ತೋರಿಸಿದ. ಹಿಟ್ಟಿನ ಗಿರಣಿಯ ಮುದುಕ. ನಾಲವಾರದ ಒಬ್ಬ ಮಾಸ್ತರ. ಕುರಿ ಕಾಯುತ್ತಿದ್ದ ಅಂಬಾರಾಯ, ಜೀವಮಾನದಲ್ಲಿ ಕಂಬಳಿ ಬಿಟ್ಟು ಬೇರೆ ಹೊದ್ದವನಲ್ಲ. ರೈಲ್ವೆಯ ಗ್ಯಾಂಗಿನವನು. ಎಲ್ಲರಿಗೂ ಅದೇ ಕರಿ ಕೋಟು, ಅದೇ ಕೆಂಪು ಟೈ, ಟೈಯ ಗಂಟಿನ ಹತ್ತಿರ ಅದೇ ಒಂದು ಮಡಿಕೆ.

ಭಾಗ್ಯಜ್ಯೋತಿ ಬೆರಗಾಗಿ ನೋಡುತ್ತಲೇ ನಿಂತಳು. ವಾಡಿಯಲ್ಲಿ ಸತ್ತವರೆಲ್ಲ ಒಂದೇ ಕೋಟಿನೊಳಗೆ ಹೊಕ್ಕು ಕುಂತಿದ್ದರು. ಬಡವ, ಸಾವುಕಾರ, ಜಾತಿ, ಕೆಲಸ, ಯಾವುದೂ ಇರಲಿಲ್ಲ. ನಡುವೆ ಅವಳ ಗಂಡನೂ ಇದ್ದ, ಎಲ್ಲರ ಹಾಗೆ ಚೊಕ್ಕಟವಾಗಿ.

"ಕೋಟು ಹಾಕಿಸಿ ಕೊಡು ಅಂತಾರ ಅಕ್ಕಾ ಎಲ್ಲಾರೂ" ಎಂದ ಭಗವಂತ. "ಬದುಕಿದ್ದಾಗ ಯಾರಿಗೂ ಆಗಿರೂದಿಲ್ಲ, ಅದಕ್ಕ."

"ಹಂಗಾದ್ರ ಲಾಟರಿಯವರಿಗೆ ಈ ಫೋಟೋ ಎಲ್ಲಿಂದ ಸಿಕ್ತು?"

"ಇದನ್ನ ನಿಮಗ ಕಳಿಸಿದ ಕಾಶಣ್ಣನ ಫೋನಿಂದನೇ. ಆ ನಂಬರ್ ತೆಗೆದ್ರ ವಾಟ್ಸಾಪಿನಾಗ ಈ ಫೋಟೋ ಕಾಣ್ತದ, ಹೆಸರೂ ಕಾಣ್ತದ. ಇಳಿಸ್ಕೊಂಡು ಅಂಟಿಸ್ಯಾರ. ಅವರು ಕಾಶಣ್ಣನ ನೋಡಿಲ್ಲ, ಸತ್ತದ್ದೂ ಗೊತ್ತಿಲ್ಲ. ಬ್ಯಾಂಕಿನ ಮೆಸೇಜೂ ಹಂಗೇ. ಇಲ್ಲೇ ಕುಂತು ನಿಮ್ಮ ಹೆಸರಿಗೊಂದು ಮಾಡಿ ಕೊಡ್ಲೇನು? ಚಾ ಕುಡಿಯೂದ್ರಾಗ ಆಗ್ತದ."

ಭಾಗ್ಯಜ್ಯೋತಿ ಹೊರಗೆ ಬಂದು ಅಪ್ಪನಿಗೆ ಫೋನು ಹಚ್ಚಿದಳು. ಬೇರೆ ಕರೆಯಲ್ಲಿದ್ದಾರೆ ಎಂದಿತು. ಮತ್ತೆ ಹಚ್ಚಿದಳು, ಮತ್ತೆ ಅದೇ. ಕಳ್ಳ ಅಪ್ಪನನ್ನು ಫೋನಿನಲ್ಲೇ ಹಿಡಿದಿಟ್ಟುಕೊಂಡಿದ್ದ. ಕೊನೆಗೊಮ್ಮೆ ಹತ್ತಿತು.

"ಅಪ್ಪಾ, ಅದು ಸುಳ್ಳು. ಬೋರಮಾಳ ಇಡಬ್ಯಾಡ."

"ಜ್ಯೋತಿ, ಅವನ ಹೆಂಡತಿ ಆಗಿ ನೀನೇ ಸುಳ್ಳು ಅಂತಿ?" ಎಂದ ಅಪ್ಪ. "ಮತ್ತ ಸಾಹೇಬ್ರ ಫೋನ್ ಬರ್ಲಿಕತ್ತದ, ಇಡ್ತೀನಿ."

ಮಾತಿನಲ್ಲಿ ಆಗುವುದಿಲ್ಲ ಎಂದು ಅವಳಿಗೆ ತಿಳಿಯಿತು. ಮಾತಿನಲ್ಲಿ ಕಳ್ಳ ಅವಳಿಗಿಂತ ಜಾಣ. ಬರೆಯಬೇಕು. ಅಪ್ಪ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಾನೆ. ಅವ್ವನಿಗೆ ಓದು ಬಾರದು. ಬರೆದು ಕಳಿಸಿದರೆ ಅವ್ವ ಅದನ್ನು ಅಪ್ಪನ ಬಾಯಿಂದಲೇ ಕೇಳುತ್ತಾಳೆ.

ಸ್ಟೇಷನ್ನಿನ ಬೆಂಚಿನ ಮೇಲೆ ಕುಂತು ಅವಳು ಬರೆದಳು. ಇಷ್ಟುದ್ದ ಅವಳು ಎಂದೂ ಬರೆದವಳಲ್ಲ. ಒತ್ತಕ್ಷರ ಸಿಗದಿದ್ದಲ್ಲಿ ಬೇರೆ ಮಾತು ಹಾಕಿದಳು. ಸಿಟ್ಟಿನ ಮಾತು ಬಂದರೆ ಅಳಿಸಿದಳು. ಕಳಿಸಿ, ಸೇಡಂ ಕಡೆಯ ಗಾಡಿ ಹತ್ತಿದಳು.

ಚಿತ್ತಾಪುರ ಬಂತು. ಮೆಸೇಜಿನ ಎರಡು ಗೆರೆ ಬೂದಿ ಬಣ್ಣದಲ್ಲೇ ಇದ್ದವು. ಅಪ್ಪ ನೋಡಿಲ್ಲ. ಕಿಟಕಿಯಾಚೆ ತೊಗರಿ ಹೊಲ ಓಡುತ್ತಿತ್ತು. ಅವಳ ಕಣ್ಣು ಫೋನಿನ ಮೇಲೇ ಇತ್ತು. ಸರ ಒಮ್ಮೆ ಅಡವಾಗಿ, ದುಡ್ಡು ಒಮ್ಮೆ ಆ ಕಡೆ ಹೋದರೆ ಮುಗಿಯಿತು. ಸೇಡಂ ಸ್ಟೇಷನ್ನಿಗೆ ಗಾಡಿ ನಿಧಾನವಾದಾಗ ಗೆರೆಗಳು ನೀಲಿಯಾದವು. ಅವಳು ಇಳಿದು ಆಟೋ ಹಿಡಿದಳು.

ಮಾಣಿಕಪ್ಪನ ಅಂಗಡಿಯ ಕಟ್ಟೆಯ ಮೇಲೆ ಅಪ್ಪ ಕುಂತಿದ್ದ. ಫೋನನ್ನು ಕಣ್ಣಿನ ಹತ್ತಿರ ಹಿಡಿದಿದ್ದ. ಪಕ್ಕದಲ್ಲಿ ಅವ್ವ, ಕೊರಳು ಬರಿದು. ಒಳಗೆ ಮಾಣಿಕಪ್ಪನ ತಕ್ಕಡಿಯ ಬಟ್ಟಲಲ್ಲಿ ಬೋರಮಾಳವಿತ್ತು. ಅವನು ತೂಗುವುದನ್ನು ಬಿಟ್ಟು ಕೇಳುತ್ತಿದ್ದ. ರಸ್ತೆಯಲ್ಲಿ ಹೋಗುವವರೂ ಒಬ್ಬಿಬ್ಬರು ನಿಂತಿದ್ದರು. ಭಾಗ್ಯಜ್ಯೋತಿ ಮುಂದೆ ಹೋಗಲಿಲ್ಲ. ಅಪ್ಪನ ಬೆನ್ನ ಹಿಂದೆ ನಿಂತಳು.

"ಮತ್ತ ಮದಲಿಂದ ಓದ್ರಿ" ಎನ್ನುತ್ತಿದ್ದಳು ಚಂದಮ್ಮ. "ನನಗ ಪೂರಾ ತಿಳೀಲಿಲ್ಲ."

ನಾಗೇಂದ್ರಪ್ಪ ಕೆಮ್ಮಿ ಶುರು ಮಾಡಿದ.

"ಅಪ್ಪಾ, ಇದನ್ನ ಅವ್ವಗ ಓದಿ ಹೇಳು. ಪೂರಾ ಓದೂತನಕ ಸರ ಕೊಡಬ್ಯಾಡ. ನಿಮಗ ಬಂದದ್ದು ಬ್ಯಾಂಕಿನ ಮೆಸೇಜ್ ಅಲ್ಲ. ಮೆಸೇಜಿನ ಫೋಟೋ. ಫೋಟೋದಾಗ ಏನು ಬೇಕಾದ್ದು ಬರೀಬಹುದು. ರೊಕ್ಕ ಖರೇ ಬಂದಿದ್ರ ಪಾಸ್‌ಬುಕ್ಕಿನಾಗ ಬರ್ತದ. ಬ್ಯಾಂಕಿಗೆ ಹೋಗಿ ಎಂಟ್ರಿ ಹೊಡಿಸಿ ನೋಡು."

"ಹೊಡಿಸಿಲ್ಲ ನಾವು" ಎಂದಳು ಚಂದಮ್ಮ.

"ಕೇಳು" ಎಂದು ನಾಗೇಂದ್ರಪ್ಪ ಮತ್ತೆ ಓದತೊಡಗಿದ. "ಲಾಟರಿ ಹತ್ತಬೇಕಾದ್ರ ಟಿಕೀಟು ತಗೊಂಡಿರಬೇಕು. ಅವರು ಯಾವತ್ತೂ ತಗೊಂಡಿಲ್ಲ. ನಮ್ಮ ರಾಜ್ಯದಾಗ ಲಾಟರಿ ಬಂದ್ ಆಗಿ ಭಾಳ ವರ್ಷ ಆತು. ಬಹುಮಾನ ಕೊಡೋರು ಮದಲು ನಿಮ್ಮ ಕಡಿಂದ ರೊಕ್ಕ ಕೇಳೂದಿಲ್ಲ. ಕೇಳಿದವ ಕಳ್ಳ. ಇವತ್ತು ಟ್ಯಾಕ್ಸ್ ಅಂತಾನ, ನಾಳಿ ಇನ್ನೊಂದು ಅಂತಾನ. ಕೊಟ್ಟಷ್ಟೂ ಕೇಳ್ತಾನ. ಯಾರಿಗೂ ಹೇಳಬ್ಯಾಡ್ರಿ ಅಂದದ್ದು ಯಾಕ? ಹೇಳಿದ್ರ ಯಾರರ ತಡೀತಾರ ಅಂತ. ಸಂಜಿ ಒಳಗ ಅಂದದ್ದು ಯಾಕ? ನಿಮಗ ವಿಚಾರ ಮಾಡ್ಲಿಕ್ಕ ಪುರಸೊತ್ತು ಸಿಗಬಾರದು ಅಂತ."

"ಖರೇ ಅದ ನೋಡು" ಎಂದ ಮಾಣಿಕಪ್ಪ ಒಳಗಿನಿಂದ. "ಇವಳ ಬುದ್ಧಿ ನನಗಿದ್ರ ನಾ ಈ ಗಲ್ಲಿಯೊಳಗ ಕುಂದ್ರತಿರಲಿಲ್ಲ."

"ನೀ ಸುಮ್ನ ಕುಂದ್ರೋ ಮಾಣಿಕ್ಯಾ, ಓದಲಿ" ಎಂದಳು ಚಂದಮ್ಮ.

"ಈಗ ಕೋಟು. ಅಪ್ಪಾ, ಚಿತ್ರದಾಗ ಅವರ ಮೈಮ್ಯಾಗ ಕೋಟು ಅದ. ಅವರು ಎಂದರ ಕೋಟು ಹಾಕಿದ್ದು ನೀ ನೋಡೀಯೇನು? ಮದುವ್ಯಾಗೂ ಹಾಕಿಲ್ಲ. ಆ ಕೋಟು ಅವರು ಹೋದ ಮ್ಯಾಲ ಭಗವಂತ ಹಾಕಿದ್ದು. ಆ ಫೋಟೋ ನಮ್ಮ ಗೋಡಿ ಮ್ಯಾಲ ಅದ, ನಿನ್ನ ಫೋನಿನಾಗ ಅದ. ಬ್ಯಾರೆ ಎಲ್ಲೂ ಇಲ್ಲ. ಅಂದ್ರ ಕಳ್ಳ ಅದನ್ನ ನಿನ್ನ ಫೋನಿಂದನೇ ತಗೊಂಡಾನ. ಹೆಸರೂ ಅಲ್ಲಿಂದನೇ. ಅವ ನಮ್ಮ ಮಂದಿನ ಬಲ್ಲವನಲ್ಲ."

ನಾಗೇಂದ್ರಪ್ಪ ಓದುವುದನ್ನು ನಿಲ್ಲಿಸಿದ. ಫೋನಿನಲ್ಲಿ ಬೆರಳಾಡಿಸಿ ಆ ಚಿತ್ರ ತೆಗೆದ. ಬಹಳ ಹೊತ್ತು ನೋಡಿದ. ಚಂದಮ್ಮ ಬಾಗಿ ನೋಡಿದಳು.

"ನಾ ಏನು ತಿಳ್ಕೊಂಡಿದ್ದೆ ಅಂದ್ರ" ಎಂದಳು ಅವಳು ಮೆಲ್ಲಗೆ, "ಅವ ಅಲ್ಲಿ ಹೋದ ಮ್ಯಾಲ ಛಲೋ ಇದ್ದಾನ, ಅಲ್ಲಿ ಕೋಟು ಕೊಟ್ಟಾರ ಅಂತ."

ಯಾರೂ ನಗಲಿಲ್ಲ. ನಗುವ ಮಾತೇ ಆಗಿತ್ತು.

ನಾಗೇಂದ್ರಪ್ಪ ಮುಂದೆ ಓದಿದ. "ಫೋನಿಗೆ ಬರೂ ನಂಬರ್ ಯಾರಿಗೂ ಹೇಳಬ್ಯಾಡ, ಓಟಿಪಿ ಅಂತಾರಲ್ಲ ಅದು. ರೊಕ್ಕ ಹೋಗಿದ್ರ ಕೂಡ್ಲೇ 1930ಕ್ಕ ಹಚ್ಚು, ಅದು ಪೊಲೀಸರದು. ನಾ ಬರ್ಲಿಕತ್ತೀನಿ. ಅಪ್ಪಾ, ಅವರು ನಮಗ ಏನರ ಕಳಿಸೂದಿದ್ರ ಕಳ್ಳನ ಕೈಯಾಗ ಕೊಟ್ಟು ಕಳಿಸ್ತಿರಲಿಲ್ಲ."

ಆ ಕೊನೆಯ ಸಾಲನ್ನು ಅವನು ಎರಡು ಸಲ ಓದಿದ. ಭಾಗ್ಯಜ್ಯೋತಿ ತಾನು ಬರೆದದ್ದನ್ನು ಅಪ್ಪನ ಬಾಯಲ್ಲಿ ಕೇಳಿದಳು. ವಾಡಿಯ ಬೆಂಚಿನ ಮೇಲೆ ಹಿಟ್ಟಿನ ಬೆರಳಿಂದ ಒತ್ತಿದ ಮಾತು ಇಷ್ಟು ದೂರ ತನಗಿಂತ ಮೊದಲೇ ಬಂದು ಕಟ್ಟೆಯ ಮೇಲೆ ಕುಂತಿತ್ತು. ಅದು ತನ್ನದು ಅಂತಲೇ ಅನ್ನಿಸಲಿಲ್ಲ ಅವಳಿಗೆ.

ಅಷ್ಟರಲ್ಲಿ ಫೋನು ರಿಂಗಾಯಿತು. ನಾಗೇಂದ್ರಪ್ಪ ಸ್ಪೀಕರ್ ಒತ್ತಿದ.

"ಕಾಶೀನಾಥ್‌ಜೀ, ಪೈಸೆ ಭೇಜೆ ಕ್ಯಾ?" ದುಡ್ಡು ಕಳಿಸಿದಿರಾ ಎಂದಿತು ಜೇನಿನಂಥ ದನಿ.

ನಾಗೇಂದ್ರಪ್ಪ ಅವನ ಹಿಂದಿಯಲ್ಲೇ, ತನಗೆ ಬಂದಷ್ಟು, ಹೇಳಿದ. "ನಾನು ಕಾಶೀನಾಥ ಅಲ್ಲ ಸಾಹೇಬ್. ಅವನ ಮಾವ. ಕಾಶೀನಾಥ ತೀರಿಕೊಂಡು ವರ್ಷ ಆಗ್ಲಿಕ್ಕ ಬಂತು."

ಆ ಕಡೆ ಉತ್ತರ ಸಿದ್ಧವಿತ್ತು.

"ಕೋಯೀ ಬಾತ್ ನಹೀಂ, ಪರವಾಗಿಲ್ಲ ಅಂಕಲ್‌ಜೀ. ಡೆತ್ ಕೇಸಿನ ಫೀಸು ಬೇರೆ ಇದೆ. ಸ್ವಲ್ಪ ಹೆಚ್ಚಾಗುತ್ತೆ, ಅಷ್ಟೇ" ಎಂದಿತು ದನಿ.

ಮಾಣಿಕಪ್ಪ ಎದ್ದು ಬಂದು ಆ ಫೋನಿಗೆ ಒಂದು ಬೈಗುಳ ಬೈದ, ಇಲ್ಲಿ ಬರೆಯುವಂಥದ್ದಲ್ಲ. ಕರೆ ಕಟ್ಟಾಯಿತು.

"ನಿನ್ನಿಯಿಂದ ನನಗ ಕಾಶೀನಾಥ್‌ಜೀ ಕಾಶೀನಾಥ್‌ಜೀ ಅಂತಿದ್ದ" ಎಂದ ನಾಗೇಂದ್ರಪ್ಪ. "ನಾ ಅಳಿಯಂದ್ರ ಹೆಸರಿಗೆ ಮರ್ಯಾದಿ ಕೊಡ್ಲಿಕತ್ತಾನ ಅಂದ್ಕೊಂಡೆ. ಅವ ನನ್ನನ್ನೇ ಕಾಶೀನಾಥ ಅಂತ ಕರಿಲಿಕತ್ತಿದ್ದ. ಸತ್ತವನ ಹೆಸರಿಗೂ ಫೀಸು ಹಚ್ತಾನಲ್ಲ! ಎಂಥಾ ಮನಷ್ಯಾ ಇರಬೇಕು ಇವ!"

ಆಗ ಅವನು ತಿರುಗಿ ಮಗಳನ್ನು ಕಂಡ. ಸರಿದು ಜಾಗ ಕೊಟ್ಟ. ಮಾಣಿಕಪ್ಪ ಬೋರಮಾಳ ತಂದು ಚಂದಮ್ಮನ ಮಡಿಲಿಗೆ ಹಾಕಿದ. ಅವಳು ಅದನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಹಂಗಾದ್ರ ಅವ ಏನೂ ಕಳಿಸಿಲ್ಲ?"

"ಇಲ್ಲವ್ವಾ."

"ಏನೂ ಇಲ್ಲ?"

"ಇಲ್ಲ."

ಚಂದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಒಂದು ದಿನ, ಒಂದು ರಾತ್ರಿ ಅಳಿಯ ಅವಳಿಗೆ ಬದುಕಿ ಬಂದಿದ್ದ. ಈಗ ಮತ್ತೆ ಹೋದ. ಮಗಳು ಅವ್ವನ ಮುಷ್ಟಿಯ ಮೇಲೆ ತನ್ನ ಕೈ ಇಟ್ಟಳು. ಅವನನ್ನು ಎರಡನೆಯ ಸಲ ಕಳಿಸಿಕೊಟ್ಟವಳು ತಾನೇ ಎಂದು ಅವಳಿಗೆ ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ.

ನಾಗೇಂದ್ರಪ್ಪ ಪಾಸ್‌ಬುಕ್ಕಿನ ಮೊದಲ ಹಾಳೆಯ ಫೋಟೋ ಕಳ್ಳನಿಗೆ ಕಳಿಸಿದ್ದ. ಮೂವರೂ ಬ್ಯಾಂಕಿಗೆ ಹೋದರು. ಅಲ್ಲಿದ್ದ ಹುಡುಗಿ ಶೈಲಶ್ರೀ ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹೊಡೆದು ತೋರಿಸಿದಳು. ಲಕ್ಷವೂ ಬಂದಿರಲಿಲ್ಲ, ಇದ್ದದ್ದೂ ಹೋಗಿರಲಿಲ್ಲ. ಓಟಿಪಿ ಹೇಳಿಲ್ಲವಾದರೆ ಹೆದರಬೇಡಿ, ಆ ನಂಬರು ಬ್ಲಾಕ್ ಮಾಡಿ, ದೂರು ಕೊಡಿ ಎಂದಳು.

ಬಸ್‌ಸ್ಟ್ಯಾಂಡಿನಲ್ಲಿ ಭಾಗ್ಯಜ್ಯೋತಿ ಅಪ್ಪನ ಫೋನು ತೆಗೆದುಕೊಂಡಳು. "ಫೋಟೋ ತೆಗೀತೀಯೇನು?" ಎಂದು ಅಪ್ಪ ಹೆದರಿ ಕೇಳಿದ. ಅವಳು ತೆಗೆಯಲಿಲ್ಲ. ಅಪ್ಪ ನಂಬರು ಉಳಿಸಿಕೊಂಡ ಮಂದಿಗೆ ಮಾತ್ರ ಕಾಣುವ ಹಾಗೆ ಒತ್ತಿದಳು. ಹೆಸರಿನಲ್ಲಿ ಅಪ್ಪನ ಹೆಸರು ಹಾಕಿದಳು. ಅದನ್ನು ಹಾಕುವಾಗ ಮೂವರೂ ಫೋನಿನ ಮೇಲೆ ಬಾಗಿದ್ದರು.

ಬೆಂಚಿನ ಮೇಲಿದ್ದ ಒಬ್ಬ ಹೆಂಗಸು ಇವರ ಮಾತು ಕೇಳಿಸಿಕೊಂಡು ಹತ್ತಿರ ಬಂದಳು. ಕಾಳಗಿ ಕಡೆಯವಳು, ಹೆಸರು ಮಾಳಮ್ಮ. "ನಮ್ಮ ಮಾವಗೂ ಇಂಥಾದ್ದೇ ಚಿತ್ರ ಬಂದದರೀ. ಒಬ್ಬರ ಮಾತೂ ಕೇಳವಲ್ಲ. ಅದೇನೋ ಓದಿದ್ರಂತಲ್ಲ, ನನಗೂ ಕಳಿಸ್ರೀ."

"ನಮ್ಮ ಜ್ಯೋತಿ ಬರದಾಳ" ಎಂದ ನಾಗೇಂದ್ರಪ್ಪ. ಅವನ ದನಿಯಲ್ಲಿ ಆ ಚಿತ್ರ ಬಂದಾಗ ಇದ್ದಷ್ಟೇ ಬೆರಗಿತ್ತು. "ಐದನೇ ಇಯತ್ತೆ ಓದ್ಯಾಳ. ನೋಡ್ರಿ ಹ್ಯಾಂಗ ಬರದಾಳ."

ಭಾಗ್ಯಜ್ಯೋತಿ ತನ್ನ ಫೋನು ತೆರೆದಳು. ಮಾಳಮ್ಮನ ನಂಬರು ಕೇಳಿದಳು. ಕಳಿಸುವ ಮೊದಲು ಅಪ್ಪ ಅವಳ ಕೈ ಹಿಡಿದ.

"ಕಡೀ ಸಾಲು ಕಳಿಸಬ್ಯಾಡ" ಎಂದ. "ಅದು ನಮ್ಮದು."

ಅವಳು ಆ ಸಾಲನ್ನು ಅಳಿಸಿದಳು. ಉಳಿದದ್ದೆಲ್ಲ ಕಾಳಗಿಗೆ ಹೋಯಿತು.